ಒಂಬತ್ತನೇ ಸ್ಥಾನದಲ್ಲಿ ಯಾರಿದ್ದಾರೆ?

ಆನ್‌ಲೈನ್ ಕ್ವಿಜ್ ಒಂದು ನಡೆಯುತ್ತಿದೆ ಎಂದುಕೊಳ್ಳಿ. ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಕೊಟ್ಟವರಲ್ಲಿ ಯಾರು ಕಡಿಮೆ ಸಮಯ ತೆಗೆದುಕೊಂಡರೋ ಅವರೇ ಮುಂದು. ಮುಗಿಸಿದವರ ಸಮಯಗಳು ಒಂದರ ಹಿಂದೆ ಒಂದು ಬಂದು ಸೇರುತ್ತಿವೆ. ನಡುನಡುವೆ ಯಾರದೋ ಪ್ರವೇಶ ರದ್ದಾಗುತ್ತದೆ, ಅವರ ಸಮಯವನ್ನು ತೆಗೆದುಹಾಕಬೇಕಾಗುತ್ತದೆ. ಇಷ್ಟರ ಮಧ್ಯೆ ಎರಡು ಪ್ರಶ್ನೆಗಳಿಗೆ ಯಾವ ಗಳಿಗೆಯಲ್ಲಿ ಕೇಳಿದರೂ ಉತ್ತರ ಸಿಗಬೇಕು. ಈ ಹೊತ್ತಿಗೆ ಸಾವಿರನೇ ಸ್ಥಾನದಲ್ಲಿರುವ ಸಮಯ ಎಷ್ಟು? ನನ್ನ ಸಮಯ ಎಷ್ಟನೇ ಸ್ಥಾನದಲ್ಲಿದೆ?

ಭಾಗವಹಿಸಿದವರು ಐವತ್ತು ಜನ ಆಗಿದ್ದರೆ ಇದು ಸಮಸ್ಯೆಯೇ ಅಲ್ಲ. ಹತ್ತು ಲಕ್ಷ ಜನ ಆದಾಗ ನೋಡಿ. ಸಮಯಗಳನ್ನೆಲ್ಲ ಏರಿಕೆಯ ಕ್ರಮದಲ್ಲಿ ಒಂದು ಸಾಲಾಗಿ ಜೋಡಿಸಿಟ್ಟರೆ ಸಾವಿರನೆಯದನ್ನು ನೇರವಾಗಿ ಎತ್ತಿಕೊಳ್ಳಬಹುದು. ಆದರೆ ಹೊಸ ಸಮಯವೊಂದು ಸಾಲಿನ ಮೊದಲಿಗೇ ಬಂದು ಸೇರಿದರೆ ಅದರ ಹಿಂದಿನ ಹತ್ತು ಲಕ್ಷವೂ ಒಂದೊಂದು ಮನೆ ಹಿಂದೆ ಸರಿಯಬೇಕು. ಹಾಗಾಗದಿರಲಿ ಎಂದು ಬೈನರಿ ಸರ್ಚ್ ಟ್ರೀಯಲ್ಲಿ ಇಟ್ಟರೆ ಸೇರಿಸುವುದೂ ತೆಗೆಯುವುದೂ ಇಪ್ಪತ್ತು ಮೂವತ್ತು ಹೆಜ್ಜೆಗಳಲ್ಲಿ ಮುಗಿಯುತ್ತದೆ. ಆದರೆ ಆ ಮರಕ್ಕೆ 'ಸಾವಿರನೆಯದು ಯಾವುದು' ಎಂಬ ಪ್ರಶ್ನೆ ಅರ್ಥವಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಎಡಕ್ಕೆ ಚಿಕ್ಕವು, ಬಲಕ್ಕೆ ದೊಡ್ಡವು. ಸಾವಿರನೆಯದು ಬೇಕೆಂದರೆ ಎಲ್ಲಕ್ಕಿಂತ ಚಿಕ್ಕದರಿಂದ ಶುರುಮಾಡಿ ಒಂದು, ಎರಡು, ಮೂರು ಎಂದು ಎಣಿಸುತ್ತಲೇ ಹೋಗಬೇಕು.

ಈ ಎರಡೂ ಅನುಕೂಲಗಳನ್ನು ಒಟ್ಟಿಗೆ ಕೊಡುವ ರಚನೆಗೆ ಆರ್ಡರ್ ಸ್ಟ್ಯಾಟಿಸ್ಟಿಕ್ ಟ್ರೀ ಎಂದು ಹೆಸರು. ಅದು ಹೊಸ ಮರವೇನಲ್ಲ. ಹಳೆಯ ಸರ್ಚ್ ಟ್ರೀಯ ಪ್ರತಿ ನೋಡ್‌ನಲ್ಲೂ ಒಂದೇ ಒಂದು ಅಂಕಿಯನ್ನು ಹೆಚ್ಚಾಗಿ ಬರೆದಿಟ್ಟರೆ ಸಾಕು. ಯಾವ ಅಂಕಿಯನ್ನು ಬರೆಯಬೇಕು ಎಂಬುದರಲ್ಲೇ ಇದರ ಜಾಣತನವೆಲ್ಲ ಇದೆ.

ಮೊದಲಿಗೆ ಹೊಳೆಯುವುದು ಸ್ಥಾನವನ್ನೇ ಬರೆದಿಡುವ ಯೋಚನೆ. ನೀನು ಒಂದನೆಯವನು, ನೀನು ಎರಡನೆಯವನು, ಹೀಗೆ. ಬೇಕಾಗಿರುವುದೇ ಸ್ಥಾನವಾದ ಮೇಲೆ ಅದನ್ನೇ ಬರೆದಿಟ್ಟರೆ ತಪ್ಪೇನು? ತಪ್ಪು ಇಲ್ಲಿದೆ: ಎಲ್ಲರಿಗಿಂತ ಬೇಗ ಮುಗಿಸಿದ ಒಬ್ಬನು ಹೊಸದಾಗಿ ಬಂದರೆ ಉಳಿದೆಲ್ಲರ ಸ್ಥಾನವೂ ಒಂದೊಂದು ಹೆಚ್ಚುತ್ತದೆ, ಹತ್ತು ಲಕ್ಷ ನೋಡ್‌ಗಳಲ್ಲಿ ಅಂಕಿ ತಿದ್ದಬೇಕಾಗುತ್ತದೆ. ಊರಿನ ಮನೆಗಳಿಗೆಲ್ಲ ಒಂದೇ ಸಾಲಿನಲ್ಲಿ ನಂಬರ್ ಬರೆದಿದ್ದು, ಮೊದಲ ಬೀದಿಯಲ್ಲೇ ಹೊಸ ಮನೆ ಎದ್ದರೆ ಊರೆಲ್ಲ ನಂಬರ್ ಬದಲಾಗಬೇಕಲ್ಲ, ಹಾಗೆ. ಅದರ ಬದಲು ಪ್ರತಿ ಬೀದಿಯ ಬಾಯಲ್ಲಿ 'ಇಲ್ಲಿ ಇಷ್ಟು ಮನೆಗಳಿವೆ' ಎಂದು ಬರೆದಿದ್ದರೆ ಒಂದು ಬೀದಿಯ ಅಂಕಿಯನ್ನು ತಿದ್ದಿದರೆ ಮುಗಿಯಿತು. ಆರ್ಡರ್ ಸ್ಟ್ಯಾಟಿಸ್ಟಿಕ್ ಟ್ರೀ ಮಾಡುವುದು ಇದನ್ನೇ. ಪ್ರತಿ ನೋಡ್ ತನ್ನ ಕೊಂಬೆಯಲ್ಲಿ, ಅಂದರೆ ತಾನೂ ತನ್ನ ಕೆಳಗಿರುವವರೂ ಸೇರಿ, ಒಟ್ಟು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಇಟ್ಟುಕೊಳ್ಳುತ್ತದೆ. ಇದಕ್ಕೆ ಕೊಂಬೆಯ ಸೈಜ್ ಎನ್ನೋಣ.

ಹನ್ನೊಂದು ಜನರ ಸಮಯ ಸೆಕೆಂಡುಗಳಲ್ಲಿ ಬಂದಿದೆ. ಮರ ಹೀಗಿದೆ, ಆವರಣದೊಳಗಿರುವುದು ಆಯಾ ಕೊಂಬೆಯ ಸೈಜ್.

```
                57(11)
           /              \
        34(5)            72(5)
       /     \          /     \
    21(2)   45(2)    63(1)   88(3)
    /          \             /    \
 12(1)        49(1)       80(1)  95(1)
```

ಈಗ ಒಂಬತ್ತನೇ ಸ್ಥಾನದ ಸಮಯ ಬೇಕು. ಮೇಲಿನ 57ರಿಂದ ಹೊರಡೋಣ. ಕಂಪ್ಯೂಟರ್‌ನವರ ಮರ ತಲೆಕೆಳಗು, ಬೇರು ಇರುವುದು ಮೇಲೆ. 57ರ ಎಡಗೊಂಬೆಯ ಸೈಜ್ 5. ಅಂದರೆ 57ಕ್ಕಿಂತ ಚಿಕ್ಕವರು ಐದು ಜನ, ಹಾಗಾಗಿ 57 ಆರನೆಯದು. ನಮಗೆ ಬೇಕಾದ ಒಂಬತ್ತನೆಯದು ಬಲಕ್ಕೇ ಇರಬೇಕು. ಬಲಕ್ಕೆ ಇಳಿಯುವಾಗ ಹಿಂದೆ ಬಿಟ್ಟ ಆರು ಜನರನ್ನು ಕಳೆಯಬೇಕು. ಹಾಗಾಗಿ ಇನ್ನು ಹುಡುಕುವುದು ಆ ಬಲಗೊಂಬೆಯೊಳಗಿನ ಮೂರನೆಯದನ್ನು. 72ರ ಎಡಕ್ಕೆ ಒಬ್ಬರೇ ಇದ್ದಾರೆ, ಆದ್ದರಿಂದ ಆ ಕೊಂಬೆಯಲ್ಲಿ 72 ಎರಡನೆಯದು. ಮೂರನೆಯದು ಇನ್ನೂ ಬಲಕ್ಕಿದೆ. ಎರಡನ್ನು ಕಳೆದರೆ ಉಳಿಯುವುದು ಒಂದು. 88ರ ಎಡಕ್ಕೆ ಒಬ್ಬರಿದ್ದಾರೆ, ಅಂದರೆ 88 ಅಲ್ಲಿ ಎರಡನೆಯದು. ನಮಗೆ ಬೇಕಾದದ್ದು ಮೊದಲನೆಯದು, ಆದ್ದರಿಂದ ಎಡಕ್ಕೆ. ಎಡಕ್ಕೆ ಹೋಗುವಾಗ ಏನನ್ನೂ ಕಳೆಯುವ ಹಾಗಿಲ್ಲ, ಯಾಕೆಂದರೆ ನಮಗಿಂತ ಚಿಕ್ಕವರನ್ನು ಯಾರನ್ನೂ ಹಿಂದೆ ಬಿಟ್ಟಿಲ್ಲ. 80ರ ಎಡಕ್ಕೆ ಯಾರೂ ಇಲ್ಲ, ಅದೇ ಮೊದಲನೆಯದು. ಉತ್ತರ 80. ಬೇಕಿದ್ದರೆ ಬೆರಳಲ್ಲಿ ಎಣಿಸಿ ನೋಡಿ: 12, 21, 34, 45, 49, 57, 63, 72, 80.

ಮುಟ್ಟಿದ್ದು ನಾಲ್ಕೇ ನೋಡ್‌ಗಳನ್ನು. ಇದನ್ನೇ ಪೈಥಾನ್‌ನಲ್ಲಿ ಬರೆದರೆ ಇಷ್ಟಾಗುತ್ತದೆ:

```python
def kth(node, k):
    while node:
        r = size(node.left) + 1
        if k == r:
            return node.key
        if k < r:
            node = node.left
        else:
            k -= r
            node = node.right
    return None
```

ಖಾಲಿ ಕೊಂಬೆಗೆ `size` ಸೊನ್ನೆ ಕೊಡಬೇಕು ಎಂಬುದನ್ನು ಮರೆಯದಿದ್ದರೆ ಸಾಕು.

ತಿರುಗಿಸಿ ಕೇಳುವುದೂ ಇಷ್ಟೇ ಸುಲಭ. 49 ಸೆಕೆಂಡು ತೆಗೆದುಕೊಂಡವರು ತಮ್ಮ ಸ್ಥಾನ ಕೇಳುತ್ತಾರೆ. 57ರಿಂದ ಎಡಕ್ಕೆ ಇಳಿದಾಗ ಏನೂ ಸೇರುವುದಿಲ್ಲ. 34ರಿಂದ ಬಲಕ್ಕೆ ಇಳಿಯುವಾಗ 34 ಮತ್ತು ಅದರ ಎಡದ ಇಬ್ಬರು, ಒಟ್ಟು ಮೂರು ಸೇರುತ್ತದೆ. 45ರಿಂದ ಮತ್ತೆ ಬಲಕ್ಕೆ, ಇನ್ನೊಂದು ಸೇರಿ ನಾಲ್ಕು. 49 ಸಿಕ್ಕಾಗ ಅದನ್ನೂ ಸೇರಿಸಿದರೆ ಐದು. ಐದನೇ ಸ್ಥಾನ. ಎಲ್ಲಿಯೂ ಬರೆದಿಡದ ಸ್ಥಾನ ದಾರಿಯಲ್ಲಿ ನಡೆಯುತ್ತಲೇ ತಾನಾಗಿ ಮೂಡಿಬರುತ್ತದೆ. ನನಗೆ ಈ ಮರದಲ್ಲಿ ತುಂಬಾ ಇಷ್ಟವಾಗುವುದು ಇದೇ ಭಾಗ.

ಇನ್ನು ಹೊಸಬರು ಬರಲಿ. 98 ಸೆಕೆಂಡಿನವರು ಒಬ್ಬರು ಬಂದರು. 57, 72, 88, 95 ದಾಟಿ 95ರ ಬಲಕ್ಕೆ ಅವರ ಜಾಗ. ದಾರಿಯಲ್ಲಿ ಸಿಕ್ಕ ಈ ನಾಲ್ಕೂ ನೋಡ್‌ಗಳ ಸೈಜ್ ಒಂದೊಂದು ಹೆಚ್ಚುತ್ತದೆ: 12, 6, 4, 2. ಉಳಿದ ಏಳು ನೋಡ್‌ಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಎಲ್ಲರಿಗಿಂತ ಬೇಗ ಮುಗಿಸಿದ 10 ಸೆಕೆಂಡಿನವರು ಬಂದಿದ್ದರೂ ತಿದ್ದುವುದು 57, 34, 21, 12 ಈ ನಾಲ್ಕನ್ನು ಮಾತ್ರ, ಹನ್ನೊಂದೂ ಜನರ ಸ್ಥಾನ ಬದಲಾದರೂ ಸಹ.

ಆದರೆ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. 98 ಬಂದ ಮೇಲೆ 72ರ ಎಡಕ್ಕೆ ಒಂದು ಮಟ್ಟ, ಬಲಕ್ಕೆ ಮೂರು ಮಟ್ಟ ಆಗಿ ಮರ ವಾಲಿದೆ. ಹೀಗೆ ವಾಲುವುದಕ್ಕೆ ಬಿಟ್ಟರೆ, ಸಮಯಗಳು ಏರಿಕೆಯ ಕ್ರಮದಲ್ಲೇ ಬರುತ್ತಿದ್ದರಂತೂ, ಮರವೇ ಉದ್ದನೆಯ ಸರಪಳಿಯಾಗುತ್ತದೆ. ಆಗ ಹತ್ತು ಲಕ್ಷನೆಯದನ್ನು ಹುಡುಕಲು ಹತ್ತು ಲಕ್ಷ ಹೆಜ್ಜೆಯೇ ಬೇಕು. ಮರ ತಾನಾಗಿ ಸಮತೋಲಕ್ಕೆ ಬರುವ ಉಪಾಯವನ್ನು ಮೊದಲು ಪ್ರಕಟಿಸಿದವರು ಸೋವಿಯತ್ ಗಣಿತಜ್ಞರಾದ ಜಾರ್ಜಿ ಆಡೆಲ್ಸನ್-ವೆಲ್‌ಸ್ಕಿ ಮತ್ತು ಎವ್ಗೆನಿ ಲಾಂಡಿಸ್, 1962ರಲ್ಲಿ. ಅವರ ಹೆಸರಿನಿಂದಲೇ ಅದಕ್ಕೆ ಎವಿಎಲ್ ಟ್ರೀ ಎನ್ನುತ್ತಾರೆ. ಆ ಮರದಲ್ಲಿ ಹತ್ತು ಲಕ್ಷ ಸಮಯಗಳಿದ್ದರೂ ಎತ್ತರ ಮೂವತ್ತು ಮಟ್ಟವನ್ನು ಮುಟ್ಟುವುದಿಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ರೆಡ್-ಬ್ಲ್ಯಾಕ್ ಟ್ರೀಯಲ್ಲಿ ನಿಯಮ ಸ್ವಲ್ಪ ಸಡಿಲ, ಎಷ್ಟೇ ಕೆಟ್ಟರೂ ಎತ್ತರ ಸುಮಾರು ನಲವತ್ತು. ಇಂಥ ಮರಗಳ ನೋಡ್‌ಗಳಲ್ಲಿ ಎಣಿಕೆಯನ್ನೂ ಇಟ್ಟು ಸ್ಥಾನದಿಂದಲೇ ಹುಡುಕುವ ವಿಧಾನ ಡೊನಾಲ್ಡ್ ಕ್ನೂತ್ 1973ರಲ್ಲಿ ಹೊರತಂದ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಮೂರನೇ ಸಂಪುಟದಲ್ಲೇ ಇದೆ.

ವಾಲಿದ ಮರವನ್ನು ಸರಿಪಡಿಸುವ ಕ್ರಿಯೆಗೆ ರೊಟೇಶನ್ ಎನ್ನುತ್ತಾರೆ. ನಮ್ಮ ಮರದಲ್ಲಿ 72 ಕೆಳಗಿಳಿದು ಅದರ ಜಾಗಕ್ಕೆ 88 ಏರುತ್ತದೆ. 88ರ ಎಡಕ್ಕಿದ್ದ 80 ಈಗ 72ರ ಬಲಕ್ಕೆ ಬರುತ್ತದೆ. ಹೊಸ ರೂಪ ಹೀಗೆ:

```
                57(12)
           /              \
        34(5)            88(6)
       /     \          /     \
    21(2)   45(2)    72(3)   95(2)
    /          \     /   \       \
 12(1)       49(1) 63(1) 80(1)  98(1)
```

ಇಷ್ಟೆಲ್ಲ ಅದಲುಬದಲು ಆದರೂ ರೊಟೇಶನ್‌ನಿಂದ ಸೈಜ್ ಬದಲಾದದ್ದು ಎರಡೇ ನೋಡ್‌ಗಳದ್ದು, 72 ಮತ್ತು 88. ಪ್ರತಿ ನೋಡ್‌ನ ಸೈಜ್ ತನ್ನ ಇಬ್ಬರು ಮಕ್ಕಳ ಸೈಜ್‌ಗೆ ಒಂದು ಕೂಡಿಸಿದಷ್ಟು. ಯಾರ ಮಕ್ಕಳು ಬದಲಾದರೋ ಅವರದನ್ನು ಮಾತ್ರ ಮತ್ತೆ ಕೂಡಿಸಿದರಾಯಿತು. ತಿರುವಿದ ಕೊಂಬೆಯಲ್ಲಿ ಮೊದಲೂ ಆರು ಜನ, ಈಗಲೂ ಆರು ಜನ. ಆದ್ದರಿಂದ ಮೇಲಿನ 57ಕ್ಕೆ ರೊಟೇಶನ್ ಆದದ್ದೇ ತಿಳಿಯುವುದಿಲ್ಲ. ಎತ್ತರ, ಮೊತ್ತ, ಅತಿ ದೊಡ್ಡ ಮೌಲ್ಯ, ಹೀಗೆ ಮಕ್ಕಳಿಂದಲೇ ಲೆಕ್ಕ ಹಾಕಬಹುದಾದ ಯಾವ ಮಾಹಿತಿಯನ್ನಾದರೂ ಇದೇ ರೀತಿ ಮರದಲ್ಲಿ ಹೊರಿಸಬಹುದು. ಸ್ಥಾನವನ್ನು ಹಾಗೆ ಹೊರಿಸಲಾಗದು, ಏಕೆಂದರೆ ಒಂದು ನೋಡ್‌ನ ಸ್ಥಾನ ಅದರ ಮಕ್ಕಳಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಮರದ ಇನ್ನೆಲ್ಲೋ ಮೂಲೆಯಲ್ಲಿ ಇರುವವರಿಂದಲೂ ಆಗುತ್ತದೆ.

ಈ ಮರವನ್ನು ಸ್ವತಃ ಬರೆಯಲು ಹೊರಟವರು ಎಡವುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ರೊಟೇಶನ್‌ನಲ್ಲಿ ಕೂಡಿಸುವ ಕ್ರಮ. ಕೆಳಗಿಳಿದ 72ರ ಸೈಜ್ ಅನ್ನು ಮೊದಲು ಸರಿಪಡಿಸಬೇಕು, ಆಮೇಲೆ ಮೇಲೇರಿದ 88ರದು. ತಿರುವುಮುರುವಾದರೆ 88 ತನ್ನ ಹೊಸ ಎಡಮಗುವಾದ 72ರ ಹಳೆಯ ಅಂಕಿ 6 ಅನ್ನೇ ನಂಬಿ 1 + 6 + 2, ಅಂದರೆ 9 ಎಂದು ಬರೆದುಕೊಳ್ಳುತ್ತದೆ. ಆರು ಜನರ ಕೊಂಬೆಯಲ್ಲಿ ಒಂಬತ್ತು ಜನ! ಇನ್ನೊಂದು ಎಡವಟ್ಟು, ಕೆಳಗಿಳಿಯುತ್ತಲೇ ದಾರಿಯ ಸೈಜ್‌ಗಳನ್ನು ಹೆಚ್ಚಿಸುತ್ತಾ ಹೋಗಿ, ಕೊನೆಗೆ ಆ ಸಮಯ ಮರದಲ್ಲಿ ಮೊದಲೇ ಇದೆ ಎಂದು ಗೊತ್ತಾಗಿ ಸುಮ್ಮನೆ ಹಿಂದಿರುಗುವುದು. ಯಾರೂ ಸೇರಲಿಲ್ಲ, ಆದರೆ ಎಣಿಕೆ ಮಾತ್ರ ಏರಿತು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ತೆಗೆದುಹಾಕುವ ಕೆಲಸ. ಮೇಲಿನ ಮರದಲ್ಲಿ 57ರವರ ಪ್ರವೇಶ ರದ್ದಾಯಿತು ಎನ್ನಿ. ಅವರಿಗೆ ಎರಡೂ ಕಡೆ ಮಕ್ಕಳಿದ್ದಾರೆ, ಆದ್ದರಿಂದ ನೋಡ್ ಅನ್ನು ಹಾಗೇ ಕಿತ್ತುಹಾಕಲಾಗದು. ಬಲಗೊಂಬೆಯ ಅತಿ ಚಿಕ್ಕವರಾದ 63 ಅನ್ನು ತಂದು ಆ ಜಾಗದಲ್ಲಿ ಕೂರಿಸುತ್ತಾರೆ. ತೆಗೆದದ್ದು ಬೇರಿನಲ್ಲಿದ್ದ 57 ನಿಜ, ಆದರೆ ಜಾಗ ಖಾಲಿಯಾದದ್ದು ಕೆಳಗೆ 72ರ ಎಡಕ್ಕೆ. ಹಾಗಾಗಿ ಬೇರಿನ ಜೊತೆಗೆ 88 ಮತ್ತು 72ರ ಸೈಜ್ ಕೂಡ ಒಂದೊಂದು ಇಳಿಯಬೇಕು. ಅದನ್ನು ಮರೆತರೆ ಏನಾಗುತ್ತದೆ? ಈಗ ಒಂಬತ್ತನೆಯದು 88 ಆಗಬೇಕು. ಬೇರಿನಲ್ಲಿರುವ 63 ಆರನೆಯದು, ಬಲಕ್ಕೆ ಇಳಿದು ಮೂರನೆಯದನ್ನು ಹುಡುಕುತ್ತೇವೆ. 88ರ ಎಡಕ್ಕೆ ನಿಜವಾಗಿ ಇರುವುದು ಇಬ್ಬರು, ಆದರೆ 72ರ ಮೇಲೆ ಇನ್ನೂ 3 ಎಂದೇ ಬರೆದಿದೆ. 88 ತಾನು ನಾಲ್ಕನೆಯದು ಎಂದುಕೊಂಡು ನಮ್ಮನ್ನು ಎಡಕ್ಕೆ ಅಟ್ಟುತ್ತದೆ. 72ರ ಎಡ ಖಾಲಿ, ಅದು ಒಂದನೆಯದು. ಬಲಕ್ಕೆ ಇಳಿದು ಎರಡನೆಯದನ್ನು ಹುಡುಕಬೇಕು. ಅಲ್ಲಿ 80 ಒಂದನೆಯದು, ಅದರ ಬಲಕ್ಕೆ ಯಾರೂ ಇಲ್ಲ. ಹನ್ನೊಂದು ಜನ ಇರುವ ಮರದಲ್ಲಿ ಒಂಬತ್ತನೆಯವರೇ ಇಲ್ಲ ಎಂಬ ಉತ್ತರ ಬರುತ್ತದೆ.

ಇಂಥ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಸಂಖ್ಯೆಯೊಂದು ಮರದಲ್ಲಿದೆಯೇ ಎಂದು ಹುಡುಕಿದರೆ ಸರಿಯಾಗಿಯೇ ಸಿಗುತ್ತದೆ, ಯಾಕೆಂದರೆ ಆ ಹುಡುಕಾಟ ಸೈಜ್ ಅನ್ನು ನೋಡುವುದೇ ಇಲ್ಲ. ಎಡಬಲಗಳ ಕ್ರಮವೂ ಸರಿಯಾಗಿರುತ್ತದೆ. ಸ್ಥಾನಗಳು ಮಾತ್ರ ಅಲ್ಲೊಂದು ಇಲ್ಲೊಂದು ತಪ್ಪುತ್ತವೆ. ಆದ್ದರಿಂದ ಮರದ ಎಲ್ಲ ನೋಡ್‌ಗಳನ್ನೂ ಸುತ್ತಿ, ಪ್ರತಿಯೊಂದರ ಸೈಜ್ ಅದರ ಇಬ್ಬರು ಮಕ್ಕಳ ಸೈಜ್‌ಗೆ ಒಂದು ಕೂಡಿಸಿದಷ್ಟೇ ಇದೆಯೇ ಎಂದು ನೋಡುವ ನಾಲ್ಕು ಸಾಲಿನ ಫಂಕ್ಷನ್ ಒಂದನ್ನು ಎಲ್ಲಕ್ಕಿಂತ ಮೊದಲು ಬರೆದಿಟ್ಟುಕೊಳ್ಳಬೇಕು. ಪರೀಕ್ಷಿಸುವಾಗ ಪ್ರತಿ ಸೇರ್ಪಡೆ, ಪ್ರತಿ ತೆಗೆತದ ಬಳಿಕವೂ ಅದನ್ನು ಓಡಿಸಿದರೆ, ಎಲ್ಲಿ ತಪ್ಪಿತೋ ಅಲ್ಲೇ ಹಿಡಿಯಬಹುದು.

ಸಿ++ ಬಳಸುವವರು ಇದನ್ನು ಕೈಯಾರೆ ಬರೆಯಬೇಕಾಗಿಲ್ಲ. ಭಾಷೆಯ ಜೊತೆಗೇ ಬರುವ `std::set` ಒಳಗೆ ಎಣಿಕೆ ಇಡುವುದಿಲ್ಲ, ಹಾಗಾಗಿ ಒಂಬತ್ತನೆಯದನ್ನು ಕೇಳಿದರೆ ಒಂದೊಂದಾಗಿಯೇ ನಡೆಯುತ್ತದೆ. ಆದರೆ ಜಿಸಿಸಿ ಕಂಪೈಲರ್ ಜೊತೆಗೆ ಸಿಗುವ ಹೆಚ್ಚುವರಿ ಲೈಬ್ರರಿಯಲ್ಲಿ ಎಣಿಕೆ ಇಡುವ ಮರ ಸಿದ್ಧವಾಗಿದೆ:

```cpp
#include <functional>
#include <ext/pb_ds/assoc_container.hpp>
#include <ext/pb_ds/tree_policy.hpp>
using namespace __gnu_pbds;

tree<int, null_type, std::less<int>, rb_tree_tag,
     tree_order_statistics_node_update> t;
```

ನಮ್ಮ ಮೊದಲಿನ ಹನ್ನೊಂದು ಸಮಯಗಳನ್ನು ಇದರಲ್ಲಿ ತುಂಬಿದರೆ `*t.find_by_order(8)` ಎಂಬುದು 80 ಕೊಡುತ್ತದೆ. ಒಂಬತ್ತಕ್ಕೆ 8 ಯಾಕೆ ಎಂದರೆ ಇಲ್ಲಿ ಎಣಿಕೆ ಸೊನ್ನೆಯಿಂದ ಶುರು. `t.order_of_key(80)` ಕೂಡ 8 ಎನ್ನುತ್ತದೆ. 80ಕ್ಕಿಂತ ಚಿಕ್ಕವರು ಎಷ್ಟು ಜನ ಎಂಬುದಷ್ಟೇ ಅದರ ಉತ್ತರ. ಇಬ್ಬರ ಸಮಯ ಒಂದೇ ಆದರೆ ಈ ಮರ ಎರಡನೆಯವರನ್ನು ಒಳಗೆ ಬಿಡುವುದಿಲ್ಲ. ಅದಕ್ಕಾಗಿ `std::less` ಬದಲು `std::less_equal` ಹಾಕುವ ಅಡ್ಡದಾರಿ ಸ್ಪರ್ಧಾತ್ಮಕ ಪ್ರೋಗ್ರಾಮಿಂಗ್ ಮಾಡುವವರಲ್ಲಿ ಚಾಲ್ತಿಯಲ್ಲಿದೆ. ಹಾಗೆ ಮಾಡಿದರೆ ಹುಡುಕುವುದೂ ಅಳಿಸುವುದೂ ಕೆಟ್ಟುಹೋಗುತ್ತದೆ. ಸಮಯದ ಜೊತೆ ಸ್ಪರ್ಧಿಯ ನೋಂದಣಿ ಸಂಖ್ಯೆಯನ್ನೂ ಜೋಡಿಸಿ ಎರಡನ್ನೂ ಒಟ್ಟಾಗಿ ಇಡುವುದೇ ಸರಿಯಾದ ದಾರಿ, ಆಗ ಯಾವ ಇಬ್ಬರೂ ಪೂರ್ತಿ ಸಮ ಆಗುವುದಿಲ್ಲ.

ಇಷ್ಟು ಸರಳವಾದ ಉಪಾಯ ಎಲ್ಲ ಕಡೆಯೂ ಇರಬೇಕಲ್ಲ ಎನಿಸುತ್ತದೆ. ಆದರೆ ನಿತ್ಯ ಬಳಸುವ ಡೇಟಾಬೇಸ್‌ಗಳನ್ನು ನೋಡಿ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ತನ್ನ ಇಂಡೆಕ್ಸ್ ಅನ್ನು ಬಿ-ಟ್ರೀ ಎಂಬ ಮರದಲ್ಲೇ ಇಡುತ್ತದೆ, ಆದರೆ ಅದರ ಕೊಂಬೆಗಳಲ್ಲಿ ಎಣಿಕೆ ಇರುವುದಿಲ್ಲ. `OFFSET 100000` ಎಂದು ಬರೆದರೆ ಅದು ಒಂದು ಲಕ್ಷ ಸಾಲುಗಳನ್ನು ಒಂದೊಂದಾಗಿ ದಾಟಿಯೇ ಮುಂದಿನದನ್ನು ಕೊಡುತ್ತದೆ. ಪಟ್ಟಿಯ ಮೊದಲ ಪುಟ ತಟ್ಟನೆ ತೆರೆದು, ಐದು ಸಾವಿರನೇ ಪುಟಕ್ಕೆ ಕಾಯಬೇಕಾಗುವುದು ಇದರಿಂದಲೇ.

ಎಣಿಕೆ ಇಡದಿರುವುದಕ್ಕೆ ಗಟ್ಟಿ ಕಾರಣವಿದೆ. ನಮ್ಮ ಮರದಲ್ಲಿ ಯಾರು ಬಂದರೂ, ಯಾರು ಹೋದರೂ ಬೇರಿನ ಸೈಜ್ ಬದಲಾಗಲೇಬೇಕು. ಒಬ್ಬರೇ ಬರೆಯುತ್ತಿದ್ದರೆ ತೊಂದರೆಯಿಲ್ಲ. ಒಂದೇ ಹೊತ್ತಿಗೆ ನೂರಾರು ಮಂದಿ ಬರೆಯುವ ಡೇಟಾಬೇಸ್‌ನಲ್ಲಿ ಎಲ್ಲರೂ ಆ ಒಂದು ಅಂಕಿಗಾಗಿ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ. ಎಣಿಕೆ ಇಲ್ಲದ ಮರದಲ್ಲಿ ಹೆಚ್ಚಿನ ಬರವಣಿಗೆಗಳು ತುದಿಯ ಒಂದು ಎಲೆಯನ್ನಷ್ಟೇ ಮುಟ್ಟಿ ಮುಗಿಯುತ್ತವೆ. ಜೊತೆಗೆ, ಒಂದೇ ಕ್ಷಣದಲ್ಲಿ ಎರಡು ವ್ಯವಹಾರಗಳಿಗೆ ಕಾಣುವ ಸಾಲುಗಳೇ ಬೇರೆಬೇರೆ ಇರಬಹುದು. ಒಬ್ಬರು ಸೇರಿಸಿ ಇನ್ನೂ ಖಾಯಂ ಮಾಡದ ಸಾಲು ಇನ್ನೊಬ್ಬರಿಗೆ ಕಾಣಬಾರದು. ಹಾಗಿರುವಾಗ ಯಾರ ಎಣಿಕೆಯನ್ನು ನೋಡ್‌ನಲ್ಲಿ ಬರೆಯುವುದು?

ರೆಡಿಸ್ ಎಂಬ ಡೇಟಾಬೇಸ್ ಆದೇಶಗಳನ್ನು ಒಂದರ ನಂತರ ಒಂದರಂತೆ ನಡೆಸುತ್ತದೆ, ಆದ್ದರಿಂದ ಅದಕ್ಕೆ ಈ ಪೈಪೋಟಿಯ ಚಿಂತೆ ಇಲ್ಲ. ಅದರ ಸಾರ್ಟೆಡ್ ಸೆಟ್ ಒಳಗಿರುವುದು ಮರವಲ್ಲ, ಸ್ಕಿಪ್ ಲಿಸ್ಟ್ ಎಂಬ ಬೇರೆ ರಚನೆ. ಆದರೂ ಅಲ್ಲಿನ ಪ್ರತಿ ಕೊಂಡಿಯಲ್ಲೂ ಅದು ಎಷ್ಟು ಜನರನ್ನು ದಾಟಿಸುತ್ತದೆ ಎಂಬ ಎಣಿಕೆ ಇದೆ. `ZRANK` ಎಂದು ಕೇಳಿದಾಗ ಆ ಎಣಿಕೆಗಳನ್ನು ಕೂಡಿಸಿಯೇ ಸ್ಥಾನ ಹೇಳುತ್ತದೆ. ಉಪಾಯ ಅದೇ, ಮೈ ಬೇರೆ.

ಎಣಿಕೆ ಇಡುವ ಮರ ಎಲ್ಲ ಕಡೆಯೂ ಬೇಕಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಕ್ವಿಜ್ ಮುಗಿದು ಇನ್ನು ಯಾರೂ ಬರುವುದಿಲ್ಲ ಎಂದಾದರೆ ಒಮ್ಮೆ ಸಾಲಾಗಿ ಜೋಡಿಸಿಟ್ಟರೆ ಸಾಕು. ಒಂದೇ ಒಂದು ಸ್ಥಾನವನ್ನು ಒಂದೇ ಸಲ ಕೇಳುವುದಾದರೆ ಟೋನಿ ಹೋರ್ 1961ರಲ್ಲಿ ಕೊಟ್ಟ ಕ್ವಿಕ್‌ಸೆಲೆಕ್ಟ್ ಇದೆ, ಪೂರ್ತಿ ಜೋಡಿಸುವ ಶ್ರಮವೂ ಇಲ್ಲ. ಸಮಯಗಳು ಸೊನ್ನೆಯಿಂದ ಮುನ್ನೂರು ಸೆಕೆಂಡಿನ ಒಳಗಿನ ಪೂರ್ಣಾಂಕಗಳೇ ಆಗಿದ್ದರೆ ಪ್ರತಿ ಸೆಕೆಂಡಿಗೆ ಎಷ್ಟು ಜನ ಎಂಬ ಮುನ್ನೂರೊಂದು ಮನೆಗಳ ಪಟ್ಟಿಯೇ ಮರಕ್ಕಿಂತ ವೇಗವಾಗಿ ಕೆಲಸ ಮಾಡುತ್ತದೆ. ಬರುವವರು ಬರುತ್ತಲೇ, ಹೋಗುವವರು ಹೋಗುತ್ತಲೇ ಇದ್ದು, ಸಂಖ್ಯೆಗಳಿಗೆ ಇಂಥದ್ದೇ ಎಂಬ ಮಿತಿ ಇಲ್ಲದೆ, ಬೇರೆಬೇರೆ ಸ್ಥಾನಗಳನ್ನು ಮತ್ತೆಮತ್ತೆ ಕೇಳುತ್ತಿರುವಾಗ ಮಾತ್ರ ಈ ಮರವನ್ನು ಬಳಸಿ. ಅಂಥ ಕಡೆ ಪ್ರತಿ ನೋಡ್‌ಗೆ ಒಂದು ಹೆಚ್ಚುವರಿ ಪೂರ್ಣಾಂಕ, ಅಂದರೆ ನಾಲ್ಕೋ ಎಂಟೋ ಬೈಟ್, ಅದರ ಪೂರ್ತಿ ಖರ್ಚು.